ಜಾಮೀನು ನಿಂತು ನೊಂದವರು ಈಗ ಇಲ್ಲ. ಅವರ ಮನೆಯವರಿಗೆ ಕ್ಷಮಾಪಣೆ ಪತ್ರವನ್ನು ಹೇಗೆ ಬರೆಯಲಿ?

ಮದ್ದೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನವನು, ಈಗ ಮೈಸೂರಿನಲ್ಲಿದ್ದೇನೆ. 2009ರಲ್ಲಿ ಊರಿನಲ್ಲಿ ಆಲೆಮನೆ ಹಾಕುವುದಕ್ಕೆಂದು ಸಹಕಾರ ಸಂಘವೊಂದರಲ್ಲಿ ಒಂದೂವರೆ ಲಕ್ಷ ರೂಪಾಯಿ ಸಾಲ ತೆಗೆದುಕೊಂಡೆ. ಪಕ್ಕದ ಗದ್ದೆಯವರು, ನಾನು ಅಣ್ಣ ಎಂದೇ ಕರೆಯುತ್ತಿದ್ದವರು, ನನಗೆ ಜಾಮೀನು ನಿಂತರು. ಆಲೆಮನೆ ನಡೆಯಲಿಲ್ಲ. ನಾನು ಊರು ಬಿಟ್ಟು ಮೈಸೂರಿಗೆ ಬಂದು ಫೋನ್ ನಂಬರನ್ನೂ ಬದಲಾಯಿಸಿದೆ. 2012ರಲ್ಲಿ ಊರಿನವರು ನನ್ನನ್ನು ಕರೆಸಿ ಪಂಚಾಯಿತಿ ಸೇರಿಸಿದಾಗ, ತಪ್ಪಿಸಿಕೊಳ್ಳುವ ಆತುರದಲ್ಲಿ, ಸಾಲದ ಹಣದಲ್ಲಿ ಅರ್ಧವನ್ನು ಅಣ್ಣನೇ ತೆಗೆದುಕೊಂಡಿದ್ದಾನೆ ಎಂದು ಎಲ್ಲರ ಮುಂದೆ ಹೇಳಿದೆ. ಅದು ಸುಳ್ಳು. ಅಣ್ಣ ಅಲ್ಲಿ ಒಂದು ಮಾತನ್ನೂ ಆಡಲಿಲ್ಲ. 2013ರಲ್ಲಿ ಹತ್ತು ಗುಂಟೆ ಗದ್ದೆ ಮಾರಿ, ಬಡ್ಡಿ ಸೇರಿ 2,12,000 ರೂಪಾಯಿ ಕಟ್ಟಿ ಸಾಲ ತೀರಿಸಿದರು. ಕಳೆದ ವರ್ಷ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಮನೆಯಲ್ಲಿ ಅತ್ತಿಗೆ, ಒಬ್ಬ ಮಗ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ.

ಈಗ ನನ್ನ ಬಳಿ ಹಣವಿದೆ. ಕೊಡಬೇಕೆಂದಿದ್ದೇನೆ. ಅದಕ್ಕಿಂತ ಮುಂಚೆ ಒಂದು ಪತ್ರ ಬರೆಯಬೇಕು. ನಾನು ಬರೆದಿರುವುದು ಹೀಗಿದೆ, ದಯವಿಟ್ಟು ಓದಿ ಹೇಳಿ:

«ಪೂಜ್ಯ ಅತ್ತಿಗೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಅಣ್ಣನವರು ದೇವರಂಥ ಮನುಷ್ಯರು. ಅಂದು ಬೆಲ್ಲದ ಬೆಲೆ ಬಿದ್ದುಹೋಗಿ, ಕಬ್ಬು ಅರೆಯುವ ಯಂತ್ರವೂ ಕೆಟ್ಟು, ನಾನು ಬಹಳ ಸಂಕಷ್ಟದಲ್ಲಿದ್ದೆ. ಆ ಪರಿಸ್ಥಿತಿಯಲ್ಲಿ ತಿಳಿದೋ ತಿಳಿಯದೆಯೋ ನನ್ನಿಂದ ತಮ್ಮ ಕುಟುಂಬಕ್ಕೆ ಏನಾದರೂ ನೋವಾಗಿದ್ದರೆ ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ತಾವು ಕ್ಷಮಿಸಿದರೆ ಮಾತ್ರ ನನಗೆ ನೆಮ್ಮದಿ. ಹಣವನ್ನು ಬಡ್ಡಿ ಸಮೇತ ಮಗನ ಕೈಗೆ ಒಪ್ಪಿಸುತ್ತೇನೆ.»

ನಾಲಾ ಬಯಲು

ಸ್ವಾಮಿ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಒಂದು ಎಚ್ಚರಿಕೆಯ ಮಾತು. ಜಾಮೀನುದಾರ ಸಾಲ ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ಸಾಲಗಾರನ ಮೇಲೆ ದಾವೆ ಹೂಡಬೇಕು. 2013ಕ್ಕೆ ಮೂರು ಸೇರಿಸಿದರೆ 2016. ಅಲ್ಲಿಗೆ ಅವಧಿ ಮುಗಿದುಹೋಗಿದೆ, ಕಾನೂನಿನ ಪ್ರಕಾರ ನಿಮ್ಮಿಂದ ಯಾರೂ ಒಂದು ರೂಪಾಯಿಯನ್ನೂ ವಸೂಲು ಮಾಡಲಾರರು. ಹೀಗಿರುವಾಗ ಸಹಿ ಹಾಕಿದ ಕಾಗದದಲ್ಲಿ ಹಣದ ವಿಷಯವನ್ನೇ ಎತ್ತಬೇಡಿ. ಬಾಯಲ್ಲಿ ಹೇಳಿ, ಕೈಯಲ್ಲಿ ಕೊಡಿ. ಪತ್ರ ಬರೆಯಲೇಬೇಕಿದ್ದರೆ ರಿಜಿಸ್ಟರ್ ಮಾಡಿ ಕಳುಹಿಸಿ, ತಲುಪಿದ್ದಕ್ಕೆ ಸ್ವೀಕೃತಿ ನಿಮ್ಮ ಬಳಿ ಇರಲಿ. ನಾಳೆ ಮಾತು ಬೆಳೆದರೆ ಅದೇ ನಿಮಗೆ ರಕ್ಷಣೆ.

ಗಂಜಾಂ ನಿವಾಸಿ

ತಮ್ಮ ಅಣ್ಣನವರು ತೀರಿಕೊಂಡು ವರ್ಷ ತುಂಬುತ್ತಿರುವುದರಿಂದ ಅವರ ಹೆಸರಿನಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತರ್ಪಣ ಬಿಡಿಸುವುದು ಒಳ್ಳೆಯದು. ಮಹಾಲಯ ಅಮಾವಾಸ್ಯೆಯ ದಿನ ಬಹಳ ಜನ ಸೇರುತ್ತಾರೆ, ಬೆಳಗ್ಗೆ ಬೇಗ ಬಂದರೆ ಅನುಕೂಲ. ಸ್ವಂತ ಅಣ್ಣನ ಋಣ ತೀರಿಸಲು ಇದಕ್ಕಿಂತ ದಾರಿಯಿಲ್ಲ.

ಮದ್ದೂರು ಕಡೆಯವ

ತಮ್ಮ ಮಾತಿಗೆ ಧನ್ಯವಾದಗಳು. ಅವರು ನನ್ನ ಒಡಹುಟ್ಟಿದವರಲ್ಲ, ನೆರೆಹೊರೆಯವರು. ಅವರ ಕಾರ್ಯಗಳನ್ನು ಮಗನೇ ಮಾಡಿದ್ದಾನೆ. ನನ್ನ ಪ್ರಶ್ನೆ ಪತ್ರದ ಬಗ್ಗೆ.

ಸಂಧಾನದ ಮೇಜು

ನಾನು ಮೈಸೂರಿನಲ್ಲಿ ವಕೀಲಳಾಗಿ, ಆಮೇಲೆ ಬಹಳ ಕಾಲ ಸಂಧಾನಕಾರಳಾಗಿ ಕೆಲಸ ಮಾಡಿದವಳು. ಗಂಡನೋ ತಂದೆಯೋ ತೀರಿಕೊಂಡ ಮೇಲೆ ಅವರಿಗೆ ಅನ್ಯಾಯ ಮಾಡಿದವರು ಮನೆಯವರ ಮುಂದೆ ಬಂದು ಕೂರುವುದನ್ನು ಹಲವು ಸಲ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ತಪ್ಪುಗಳಿವೆ, ಪತ್ರದಲ್ಲಿ ಒಂದೂ ಇಲ್ಲ. ಸಾಲ ಕಟ್ಟದೆ ಊರು ಬಿಟ್ಟದ್ದು ಮೊದಲನೆಯದು. ಪಂಚಾಯಿತಿಯಲ್ಲಿ ಆ ಮನುಷ್ಯರ ಮೇಲೆ ಸುಳ್ಳು ಹೊರಿಸಿದ್ದು ಎರಡನೆಯದು. ನಮಗೆ ನಾಲ್ಕು ಸಾಲಿನಲ್ಲಿ ನೇರವಾಗಿ ಹೇಳಿದ್ದನ್ನು ಆ ಹೆಂಗಸಿಗೆ ಬರೆಯುವಾಗ «ಏನಾದರೂ ನೋವಾಗಿದ್ದರೆ» ಎಂದು ಕರಗಿಸಿಬಿಟ್ಟಿದ್ದೀರಿ. ನೋವಾಯಿತೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇಲ್ಲ, ಹತ್ತು ಗುಂಟೆ ಗದ್ದೆ ಹೋಗಿದೆ. ಮದುವೆಯ ಕರೆಯೋಲೆಯಲ್ಲಿ, ಬೀಳ್ಕೊಡುಗೆಯ ಭಾಷಣದಲ್ಲಿ «ತಿಳಿದೋ ತಿಳಿಯದೆಯೋ» ಎಂಬುದು ವಿನಯ. ತಿಳಿದೇ ಮಾಡಿದ ಕೆಲಸಕ್ಕೆ ಅದನ್ನು ಬಳಸಿದರೆ ಓದುವವರು ಅಲ್ಲಿಗೇ ಪತ್ರ ಮಡಿಸುತ್ತಾರೆ. ಬೆಲ್ಲದ ಬೆಲೆ, ಯಂತ್ರ ಕೆಟ್ಟದ್ದು, ಎಲ್ಲವೂ ನಿಜವಿರಬಹುದು. ಬೆಲೆ ಬಿದ್ದದ್ದು ಸಾಲ ಕಟ್ಟಲಾಗದ್ದಕ್ಕೆ ಕಾರಣವಾದೀತು, ಸುಳ್ಳು ಹೇಳಿದ್ದಕ್ಕೆ ಆಗುವುದಿಲ್ಲ. ಅವರು ಎಂದಾದರೂ ಕೇಳಿದರೆ ಆಗ ಹೇಳಿ.

ನಿಮ್ಮ ಅತ್ತಿಗೆಗೆ ಓದಲು ಬರುತ್ತದೆಯೇ ಎಂಬುದನ್ನು ನೀವು ಹೇಳಿಲ್ಲ. ಬರದಿದ್ದರೆ ಈ ಪತ್ರವನ್ನು ಬೇರೆ ಯಾರೋ ಗಟ್ಟಿಯಾಗಿ ಓದಿ ಹೇಳುತ್ತಾರೆ. ಮಗನಿರಬಹುದು, ಸೊಸೆಯಿರಬಹುದು, ಪಕ್ಕದ ಮನೆಯ ಹುಡುಗನೂ ಇರಬಹುದು. ಜಗುಲಿಯಲ್ಲಿ ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದಿದಾಗ ಯಾರಿಗೂ ಅವಮಾನವಾಗದಂಥ ಪತ್ರ ಅದಾಗಿರಬೇಕು. ವಾಕ್ಯಗಳು ಚಿಕ್ಕದಾಗಿರಲಿ. ತೀರಿಕೊಂಡವರು ನಿಮ್ಮೊಬ್ಬರಿಗೇ ಹೇಳಿದ ಮಾತುಗಳಿದ್ದರೆ ಅವು ಅಲ್ಲಿ ಬರಬಾರದು. ಜಾಮೀನು ನಿಂತ ವಿಷಯ, ಗದ್ದೆ ಮಾರಿದ ಕಾರಣ ಮನೆಯವರಿಗೆಲ್ಲ ಮೊದಲೇ ಗೊತ್ತೇ? ಇದನ್ನು ತಿಳಿದುಕೊಳ್ಳದೆ ಪತ್ರ ಕಳುಹಿಸಬೇಡಿ.

ಇನ್ನು «ಕ್ಷಮಿಸಿದರೆ ಮಾತ್ರ ನನಗೆ ನೆಮ್ಮದಿ» ಎಂಬ ವಾಕ್ಯ. ಹದಿಮೂರು ವರ್ಷ ಅವರು ಹೊತ್ತದ್ದು ಸಾಲದೆಂಬಂತೆ ಈಗ ನಿಮ್ಮ ನೆಮ್ಮದಿಯ ಹೊಣೆಯನ್ನೂ ಆ ಹೆಂಗಸಿನ ಮೇಲೆ ಹೊರಿಸುತ್ತಿದ್ದೀರಿ. ಇದನ್ನು ಪೂರ್ತಿಯಾಗಿ ತೆಗೆದುಹಾಕಿ. ನೀವು ಯಾರಿಗೆ ತಪ್ಪು ಮಾಡಿದಿರೋ ಅವರು ಕ್ಷಮಿಸುವುದಕ್ಕೆ ಇಲ್ಲ, ಅವರ ಪರವಾಗಿ ಕ್ಷಮಿಸುವ ಅಧಿಕಾರ ಹೆಂಡತಿಗೂ ಇಲ್ಲ ಎಂದೇ ನಾನು ಭಾವಿಸುತ್ತೇನೆ. ಆ ಮನೆಯವರು ತಮಗೆ ಆದದ್ದನ್ನು ಮಾತ್ರ ಕ್ಷಮಿಸಬಲ್ಲರು: ಗದ್ದೆಯಿಲ್ಲದೆ ಕಳೆದ ವರ್ಷಗಳನ್ನು, ಊರಿನಲ್ಲಿ ಕೇಳಿದ ಮಾತುಗಳನ್ನು. ಪತ್ರದಲ್ಲಿ ಈ ವ್ಯತ್ಯಾಸ ಕಾಣಬೇಕು.

ನಾಲಾ ಬಯಲು ಅವರ ಕಾನೂನು ಅರ್ಧ ಸರಿಯಿದೆ. ಮೂರು ವರ್ಷದ ಅವಧಿ ನಿಜ. ಅವಧಿ ಮುಗಿದ ಮೇಲೆ «ಹೌದು, ನಾನು ಕೊಡಬೇಕಿತ್ತು» ಎಂದು ಒಪ್ಪಿಕೊಂಡ ಮಾತ್ರಕ್ಕೆ ದಾವೆಯ ಹಕ್ಕು ಮತ್ತೆ ಹುಟ್ಟುವುದೂ ಇಲ್ಲ. ಆದರೆ 1872ರ ಕರಾರು ಅಧಿನಿಯಮದ 25ನೇ ಕಲಮಿನ ಮೂರನೆಯ ಉಪಕಲಮು, ಅವಧಿ ಮೀರಿದ ಸಾಲವನ್ನು ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ ಅದನ್ನು ಹೊಸ ಕರಾರೆಂದೇ ಪರಿಗಣಿಸುತ್ತದೆ. ಅವರು ಇದಕ್ಕೆ ಹೆದರಿ ಬರೆಯಬೇಡಿ ಎನ್ನುತ್ತಾರೆ, ನಾನು ಇದಕ್ಕಾಗಿಯೇ ಬರೆಯಿರಿ ಎನ್ನುತ್ತೇನೆ. ಕೊಡುವ ಮನಸ್ಸಿರುವವರಿಗೆ ಇದರಿಂದ ನಷ್ಟವಿಲ್ಲ. ಕೊಡಲಾಗದ ಮೊತ್ತವನ್ನು ಭಾವಾವೇಶದಲ್ಲಿ ಬರೆಯಬೇಡಿ, ಅಷ್ಟೇ.

ಹಣವನ್ನು «ಮಗನ ಕೈಗೆ» ಕೊಡುವುದು ತಪ್ಪು. ಉಯಿಲು ಬರೆಯದೆ ತೀರಿಕೊಂಡಿದ್ದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳು, ನಾಲ್ವರಿಗೂ ಸಮಪಾಲು. ಅವರ ತಾಯಿ ಬದುಕಿದ್ದರೆ ಐದು ಪಾಲು. ಮಗನೊಬ್ಬನಿಗೆ ಕೊಟ್ಟು ನೀವು ಹಗುರಾಗಿ ಮನೆಗೆ ಬರುತ್ತೀರಿ, ಆ ಮನೆಯಲ್ಲಿ ಅಣ್ಣ ತಂಗಿಯರ ನಡುವೆ ಹೊಸ ವ್ಯಾಜ್ಯ ಶುರುವಾಗುತ್ತದೆ.

ಬನ್ನೂರು ಮಗಳು

ಇಂಥ ಪತ್ರ ನಮ್ಮ ಮನೆಗೆ ಬಂದಿತ್ತು. ಬರೆಯುವವರ ಕಡೆಯಿಂದ ಎಲ್ಲರೂ ಮಾತನಾಡುತ್ತಿರುವುದರಿಂದ ಪಡೆದವರ ಕಡೆಯ ಒಂದು ಮಾತು ಹೇಳುತ್ತೇನೆ.

ನಮ್ಮ ತಂದೆಯ ಜೊತೆ ವ್ಯವಹಾರ ಮಾಡಿ ಮೋಸ ಮಾಡಿದವರೊಬ್ಬರು ಪತ್ರ ಕಳುಹಿಸಿದರು. ಅದು ರಿಜಿಸ್ಟರ್ ಆಗಿ ಬಂತು. ಹಳ್ಳಿಯಲ್ಲಿ ಸಹಿ ಮಾಡಿಸಿಕೊಂಡು ಕೊಡುವ ಲಕೋಟೆಯೆಂದರೆ ಕೋರ್ಟಿನ ನೋಟಿಸೋ ಬ್ಯಾಂಕಿನ ನೋಟಿಸೋ ಎಂದೇ ಅರ್ಥ. ಬಂದ ದಿನ ಹನ್ನೊಂದನೆಯ ದಿನದ ತಿಥಿ, ಮನೆ ತುಂಬ ನೆಂಟರು, ಹಿತ್ತಲಲ್ಲಿ ಅಡುಗೆಯ ಒಲೆ ಹೊಗೆಯಾಡುತ್ತಿತ್ತು. ನಮ್ಮ ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿ, ಲಕೋಟೆಯನ್ನು ನಮ್ಮ ಚಿಕ್ಕಪ್ಪನ ಕೈಗೆ ಕೊಟ್ಟರು. ಅವರು ಎಲ್ಲರ ನಡುವೆ ಓದಿದರು. ತಂದೆಯವರು ಆ ವ್ಯವಹಾರಕ್ಕಾಗಿ ತಾಯಿಯ ಒಡವೆ ಅಡವಿಟ್ಟು ಕಳೆದುಕೊಂಡಿದ್ದರೆಂಬ ಸಂಗತಿ ನಮಗೆಲ್ಲ ಗೊತ್ತಾದದ್ದು ಆಗ. ಒಡವೆ ಬ್ಯಾಂಕ್ ಲಾಕರಿನಲ್ಲಿದೆ ಎಂದು ತಂದೆ ಹೇಳುತ್ತಿದ್ದರು, ತಾಯಿ ನಂಬಿದ್ದರು. ಆ ದಿನದಿಂದ ತಾಯಿ ತಂದೆಯ ನೆನಪಿನ ಜೊತೆ ಜಗಳವಾಡುತ್ತಿದ್ದಾರೆ. ಬರೆದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತಮ್ಮ ತಪ್ಪನ್ನು ಪೂರ್ತಿಯಾಗಿ ಒಪ್ಪಿಕೊಳ್ಳುವ ಭರದಲ್ಲಿ, ತಮ್ಮದಲ್ಲದ ಗುಟ್ಟನ್ನೂ ಬಿಚ್ಚಿಟ್ಟರು.

ಆದ್ದರಿಂದ ಸಂಧಾನದ ಮೇಜು ಅವರು ಹೇಳಿದ್ದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿತೃಪಕ್ಷದಲ್ಲಿ ಎಡೆ ಇಡುವ ದಿನವಾಗಲಿ, ವರ್ಷದ ತಿಥಿಯ ವಾರವಾಗಲಿ ಪತ್ರ ತಲುಪುವುದು ಬೇಡ. ಏನೂ ವಿಶೇಷವಿಲ್ಲದ ದಿನ ತಲುಪಲಿ. ಅಂಚೆಯಲ್ಲೂ ಬೇಡ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ, ಆದರೂ ಸಹಿ ಮಾಡಿಸಿಕೊಳ್ಳುವ ಲಕೋಟೆಯ ಭಯ ಹಾಗೆಯೇ ಇದೆ.

ನಾಲಾ ಬಯಲು

25ನೇ ಕಲಮಿನ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ರಿಜಿಸ್ಟರ್ ಬಗ್ಗೆ ಹೇಳಿದ್ದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತಿಗೆ ಇನ್ನೂ ನಿಲ್ಲುತ್ತೇನೆ. ಸಹಿ ಹಾಕಿದ ಪತ್ರ ನಾಳೆ ನ್ಯಾಯಾಲಯದಲ್ಲಿ ಇವರ ವಿರುದ್ಧವೇ ಸಾಕ್ಷಿಯಾಗುತ್ತದೆ. ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ 2009ರಿಂದ ಕ್ಷಮೆ ಕೇಳಿದ್ದನ್ನು ಸಿವಿಲ್ ದಾವೆಯಲ್ಲಿ ತಪ್ಪೊಪ್ಪಿಗೆಯೆಂದು ಬಳಸುವಂತಿಲ್ಲ ಎಂಬ ಕಾನೂನಿದೆ. ನಮ್ಮಲ್ಲಿಲ್ಲ.

ಸಂಧಾನದ ಮೇಜು

ಅದು ಸರಿ, ನಮ್ಮಲ್ಲಿ ಹಾಗೆ ರಕ್ಷಿಸುವ ಸಾಮಾನ್ಯ ಕಾನೂನು ಇಲ್ಲ. ಬರೆದದ್ದು ತಪ್ಪೊಪ್ಪಿಗೆಯಾಗಿ ಸಾಕ್ಷ್ಯಕ್ಕೆ ಬರುತ್ತದೆ. ಆ ಅಪಾಯವನ್ನು ತಿಳಿದು ಬರೆದ ಪತ್ರಕ್ಕೇ ಬೆಲೆ. ಜೈಲಿಗೆ ಹೋಗುವಂಥ ಅಪರಾಧದ ವಿಷಯವಾಗಿದ್ದರೆ ಮೊದಲು ವಕೀಲರನ್ನು ಕಾಣಿ ಎಂದು ನಾನೇ ಹೇಳುತ್ತಿದ್ದೆ. ಇಲ್ಲಿ ಇರುವುದು ಕೊಡಬೇಕಾದ ಹಣ, ಕೊಡಲು ಅವರು ಸಿದ್ಧರಿದ್ದಾರೆ.

ಗುತ್ತಲು ರಸ್ತೆ

ಮಂಡ್ಯದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಿರಿಯರು ಹೇಳಿಕೊಟ್ಟಿರುವುದು ಇದು: ಅಲ್ಲಾಹನಿಗೆ ಸಂಬಂಧಿಸಿದ ತಪ್ಪಿಗೆ ಅವನಲ್ಲಿ ಕ್ಷಮೆ ಕೇಳಬಹುದು, ಮನುಷ್ಯನ ಹಕ್ಕನ್ನು ಕಸಿದಿದ್ದರೆ ಆ ಮನುಷ್ಯನಿಗೇ ಹಿಂದಿರುಗಿಸಬೇಕು, ಅವನು ಇಲ್ಲದಿದ್ದರೆ ವಾರಸುದಾರರಿಗೆ. ದುವಾ ಮಾಡಿಬಿಟ್ಟರೆ ಹಣದ ಲೆಕ್ಕ ಮುಗಿಯುವುದಿಲ್ಲ. ಇಷ್ಟರವರೆಗೆ ಮೇಡಂ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ.

ಆದರೆ ಕ್ಷಮೆಯನ್ನೇ ಕೇಳಬೇಡಿ ಎಂಬ ಧಾಟಿ ನನಗೆ ಒಪ್ಪಿಗೆಯಾಗುತ್ತಿಲ್ಲ. ಕೇಳದೆ ಇರುವುದರಲ್ಲಿಯೂ ಒಂದು ಸೊಕ್ಕಿದೆ. ಹಣ ಕೊಟ್ಟು, ತಪ್ಪು ಒಪ್ಪಿ, ಕೈ ಮುಗಿಯದೆ ತಿರುಗಿ ನಡೆದರೆ ಆ ಮನೆಯವರು ಏನೆಂದುಕೊಂಡಾರು? ಮಾಡುವ ಲೆಕ್ಕವೆಲ್ಲ ಮಾಡಿ, ಕೊನೆಯಲ್ಲಿ ತಲೆ ತಗ್ಗಿಸಿ ಒಂದೇ ಸಲ ಕೇಳಬೇಕು. ಅವರು ಇಲ್ಲವೆಂದರೆ ಇಲ್ಲ.

ಕುವೆಂಪುನಗರ ಓದುಗ

ನಾನು ಇದಕ್ಕೂ ಒಂದು ಹೆಜ್ಜೆ ಹಿಂದಿನ ಪ್ರಶ್ನೆ ಕೇಳುತ್ತೇನೆ. ಅಣ್ಣ ಬದುಕಿದ್ದಾಗ ಬರೆಯದ ಪತ್ರವನ್ನು ಅವರು ಹೋದ ಮೇಲೆ ಏಕೆ ಬರೆಯಬೇಕು? ಎದುರು ನಿಂತು ಬಯ್ಯುವವರು ಈಗಿಲ್ಲ ಎಂಬ ಧೈರ್ಯವೇ ಇದರ ಹಿಂದೆ ಇರಬಹುದಲ್ಲವೇ? ಹಣವನ್ನು ಖಾತೆಗೆ ಹಾಕಿ, ಆ ಮನೆಯವರನ್ನು ಅವರ ಪಾಡಿಗೆ ಬಿಡುವುದೇ ಲೇಸು ಎಂದು ನನಗನಿಸುತ್ತದೆ. ಮದ್ಯವ್ಯಸನ ಬಿಡುವವರ ಹನ್ನೆರಡು ಹಂತಗಳಲ್ಲಿ ಒಂಬತ್ತನೆಯದು ನೊಂದವರಿಗೆ ಪರಿಹಾರ ಮಾಡುವುದು. ಅಲ್ಲಿಯೂ, ಹಾಗೆ ಮಾಡುವುದರಿಂದ ಅವರಿಗೋ ಬೇರೆಯವರಿಗೋ ಕೇಡಾಗುವಂತಿದ್ದರೆ ಮಾಡಬಾರದೆಂಬ ಷರತ್ತನ್ನು ಅದೇ ವಾಕ್ಯದಲ್ಲಿ ಇಟ್ಟಿದ್ದಾರೆ.

ಮದ್ದೂರು ಕಡೆಯವ

ತಮ್ಮ ಪ್ರಶ್ನೆ ನ್ಯಾಯವಾದದ್ದು. ಬದುಕಿದ್ದಾಗ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ನನ್ನ ಬಳಿ ಬೇರೆ ಉತ್ತರವಿಲ್ಲ. ಹಣ ಖಾತೆಗೆ ಹಾಕಿ ಸುಮ್ಮನಾಗುವುದನ್ನೂ ಯೋಚಿಸಿದ್ದೆ. ಆದರೆ ಊರಿನಲ್ಲಿ ಇಂದಿಗೂ ಕೆಲವರು ಅಣ್ಣ ಆ ಹಣದಲ್ಲಿ ಪಾಲು ತಿಂದವನೆಂದೇ ಮಾತನಾಡುತ್ತಾರಂತೆ. ಹಣ ಕೊಟ್ಟರೆ ಅದು ಅಳಿಸುವುದಿಲ್ಲ. ಕೆಲವರು, ಪಾಪದ ಹಣ ಹಂಚಿಕೊಂಡರು ಎಂದೂ ಅನ್ನಬಹುದು.

ವಿಚಾರಿಸಿ ತಿಳಿದದ್ದನ್ನು ಹೇಳುತ್ತೇನೆ. ಜಾಮೀನಿನ ವಿಷಯ ಮನೆಯವರಿಗೆಲ್ಲ ಗೊತ್ತಿದೆ, ಗದ್ದೆ ಮಾರಿದ ಪತ್ರಕ್ಕೆ ಅತ್ತಿಗೆಯೂ ಹೆಬ್ಬೆಟ್ಟು ಒತ್ತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ. ಅಣ್ಣನ ತಾಯಿ ಮೊದಲೇ ತೀರಿಕೊಂಡಿದ್ದಾರೆ, ಉಯಿಲು ಇಲ್ಲ.

ಸಂಧಾನದ ಮೇಜು

ಕುವೆಂಪುನಗರ ಓದುಗರಿಗೆ ಇದೇ ಉತ್ತರವೆಂದು ನನಗನಿಸುತ್ತದೆ. ಹಣವೊಂದೇ ಆಗಿದ್ದರೆ ನಾನೂ ನಿಮ್ಮ ಪಕ್ಷಕ್ಕೆ ಬರುತ್ತಿದ್ದೆ. ಸತ್ತವರ ಹೆಸರಿನ ಮೇಲೆ ಕುಳಿತಿರುವ ಸುಳ್ಳನ್ನು, ಹೇಳಿದವರೇ ತೆಗೆಯಬೇಕು, ಬೇರೆ ಯಾರಿಂದಲೂ ಆಗುವುದಿಲ್ಲ. ಹನ್ನೆರಡನೆಯ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಇದೇ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿದೆ. ತಪ್ಪು ಮಾಡಿಸಿಕೊಂಡವನು ತೀರಿಕೊಂಡಿದ್ದರೆ, ತಪ್ಪಿತಸ್ಥನು ಹತ್ತು ಜನರನ್ನು ಕರೆದುಕೊಂಡು ಅವನ ಸಮಾಧಿಯ ಬಳಿ ನಿಂತು, ಇವನಿಗೆ ನಾನು ಇಂಥ ಅನ್ಯಾಯ ಮಾಡಿದೆ ಎಂದು ಹೇಳಬೇಕು. ಹಣ ಬಾಕಿಯಿದ್ದರೆ ವಾರಸುದಾರರಿಗೆ ಕೊಡಬೇಕು, ವಾರಸುದಾರರು ಯಾರೆಂದು ತಿಳಿಯದಿದ್ದರೆ ನ್ಯಾಯಾಲಯದಲ್ಲಿ ಇಡಬೇಕು. ಹತ್ತು ಜನ ಏಕೆಂದರೆ, ಒಬ್ಬನೇ ಹೋಗಿ ಕಲ್ಲಿನ ಮುಂದೆ ಅತ್ತು ಬಂದರೆ ಸತ್ತವನ ಹೆಸರಿಗೆ ಏನೂ ಆಗುವುದಿಲ್ಲ.

ಆದರೆ ಮಂಡ್ಯ ಸೀಮೆಯಲ್ಲಿ ಬಹಳಷ್ಟು ಜನರ ಸಮಾಧಿ ಅವರವರ ಹೊಲದಲ್ಲೇ ಇರುತ್ತದೆ. ಆ ಮನೆಯವರು ಕರೆಯದೆ ಅಲ್ಲಿ ಕಾಲಿಡುವುದು ಇನ್ನೊಂದು ಅತಿಕ್ರಮಣವಾಗುತ್ತದೆ. ಊರಿನ ಮುಂದೆ ಆ ಹಳೆಯ ಮಾತನ್ನು ಮತ್ತೆ ಎತ್ತುವುದು ಅವರಿಗೆ ಬೇಕೋ ಬೇಡವೋ, ಅದೂ ನಿಮಗೆ ತಿಳಿಯದು. ಆದ್ದರಿಂದ ಎರಡು ಹಾಳೆ ಬರೆಯಿರಿ. ಒಂದು ಮನೆಯವರಿಗೆ, ಅದು ಅವರ ಖಾಸಗಿ ಕಾಗದ. ಇನ್ನೊಂದು ಬೇರೆಯೇ ಹಾಳೆ, ಅದರಲ್ಲಿ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ನಾಲ್ಕು ಸಾಲು, ನಿಮ್ಮ ಸಹಿ, ದಿನಾಂಕ. ಅದನ್ನು ಪೆಟ್ಟಿಗೆಯಲ್ಲಿಡುವುದೋ, ಊರಿನ ಹಿರಿಯರಿಗೆ ತೋರಿಸುವುದೋ, ನಿಮ್ಮನ್ನೇ ಕರೆಸಿ ಓದಿಸುವುದೋ, ತೀರ್ಮಾನ ಅವರದು. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಊರಿಗೆ ತೋರಿಸಬೇಕೆಂದಾಗ ಮನೆಯ ಮಾತನ್ನೂ ತೋರಿಸಬೇಕಾಗುತ್ತದೆ.

ನಾಲಾ ಬಯಲು

ಮೊತ್ತದ ಲೆಕ್ಕಕ್ಕೆ ನಾನು ಸಹಾಯ ಮಾಡಬಲ್ಲೆ. 2,12,000ಕ್ಕೆ ವರ್ಷಕ್ಕೆ ಶೇಕಡಾ 6ರ ಸರಳ ಬಡ್ಡಿ ಹಾಕಿದರೆ ಹನ್ನೆರಡು ವರ್ಷಕ್ಕೆ 1,52,640. ಒಟ್ಟು 3,64,640 ರೂಪಾಯಿ. ನಾಲ್ಕು ಪಾಲು ಮಾಡಿದರೆ ತಲಾ 91,160. ಬ್ಯಾಂಕ್ ಖಾತೆಗಳಿಗೇ ಹಾಕಿ, ನಗದು ಬೇಡ.

ಬನ್ನೂರು ಮಗಳು

ಕ್ಷಮಿಸಿ, ಈ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಆ ಮನೆಯವರು ಕಳೆದುಕೊಂಡದ್ದು 2,12,000 ರೂಪಾಯಿಯಲ್ಲ, ಹತ್ತು ಗುಂಟೆ ನೀರಾವರಿ ಗದ್ದೆ, ಅಂದರೆ ಕಾಲು ಎಕರೆ. ಮದ್ದೂರು ಸುತ್ತಮುತ್ತ ಅದರ ಇಂದಿನ ಬೆಲೆ ಏನೆಂದು ಎಲ್ಲರಿಗೂ ಗೊತ್ತು. ಶೇಕಡಾ ಆರರ ಬಡ್ಡಿ ಆ ಗದ್ದೆಯ ಬದುವನ್ನೂ ಕೊಳ್ಳಲಾರದು.

ನಾಲಾ ಬಯಲು

ಕಾನೂನಿನಂತೆ ಜಾಮೀನುದಾರನಿಗೆ ಸಲ್ಲುವುದು ಅವನು ಕಟ್ಟಿದ ಹಣ. ಏನನ್ನು ಮಾರಿ ಕಟ್ಟಿದ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಸಂಧಾನದ ಮೇಜು

ಕಾನೂನಿನ ಮಟ್ಟಿಗೆ ನೀವು ಹೇಳುವುದು ಸರಿ. ಆದರೆ ಇವರು ಕಾನೂನಿಗೆ ಹೆದರಿ ಬರೆಯುತ್ತಿಲ್ಲ. ಇಂದಿನ ಗದ್ದೆಯ ಬೆಲೆ ಕೊಡುವ ಶಕ್ತಿ ಇವರಿಗೆ ಇದೆಯೋ ಇಲ್ಲವೋ, ಅದನ್ನು ನಾವು ತೀರ್ಮಾನಿಸಲಾಗದು. ಪತ್ರದಲ್ಲಿ, ಈ ಹಣ ಗದ್ದೆಗೆ ಸಮವಲ್ಲ ಎಂಬ ಒಂದು ವಾಕ್ಯವಾದರೂ ಇರಲೇಬೇಕು. ಇಲ್ಲದಿದ್ದರೆ ಲೆಕ್ಕ ಚುಕ್ತಾ ಮಾಡಿದಂತೆ ಕೇಳಿಸುತ್ತದೆ.

ಮದ್ದೂರು ಕಡೆಯವ

ಎಲ್ಲರ ಮಾತನ್ನೂ ಇಟ್ಟುಕೊಂಡು ಮತ್ತೆ ಬರೆದಿದ್ದೇನೆ. ಗದ್ದೆಯ ಇಂದಿನ ಬೆಲೆಯನ್ನು ಕೊಡುವ ಶಕ್ತಿ ನನಗಿಲ್ಲ. ಹಣವನ್ನು ನಾಲ್ಕು ಲಕ್ಷಕ್ಕೆ ಏರಿಸಿದ್ದೇನೆ, ತಲಾ ಒಂದು ಲಕ್ಷ. ಮೊದಲನೆಯ ಹಾಳೆ:

«ಅತ್ತಿಗೆಯವರಿಗೆ, ಮಗನಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ನಮಸ್ಕಾರ. 2009ರಲ್ಲಿ ಅಣ್ಣ ನನಗೆ ಜಾಮೀನು ನಿಂತರು. ನಾನು ಸಾಲ ಕಟ್ಟದೆ ಊರು ಬಿಟ್ಟೆ. ಅಣ್ಣ ಗದ್ದೆ ಮಾರಿ ನನ್ನ ಸಾಲ ಕಟ್ಟಿದರು. ಪಂಚಾಯಿತಿಯಲ್ಲಿ ನಾನು ಅವರ ಮೇಲೆ ಸುಳ್ಳು ಹೇಳಿದೆ. ಅವರು ನನ್ನಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿರಲಿಲ್ಲ. ಅವರು ಬದುಕಿದ್ದಾಗ ಬಂದು ಇದನ್ನು ಹೇಳಬೇಕಿತ್ತು, ಹೇಳಲಿಲ್ಲ.

ಅವರು ಕಟ್ಟಿದ ಹಣಕ್ಕೆ ಬಡ್ಡಿ ಸೇರಿಸಿ ನಾಲ್ಕು ಲಕ್ಷ ರೂಪಾಯಿಯನ್ನು ಬರುವ ಮಾರ್ಚ್ ತಿಂಗಳೊಳಗೆ ನಿಮ್ಮ ನಾಲ್ವರಿಗೂ ಸಮವಾಗಿ ಕೊಡುತ್ತೇನೆ. ಇದು ಆ ಗದ್ದೆಗೆ ಸಮವಲ್ಲ ಎಂದು ನನಗೆ ಗೊತ್ತಿದೆ. ಈ ಹಣ ನಿಮ್ಮದು. ಅದನ್ನು ತೆಗೆದುಕೊಂಡರೆ ನನ್ನನ್ನು ಕ್ಷಮಿಸಿದಿರಿ ಎಂದು ನಾನು ತಿಳಿಯುವುದಿಲ್ಲ. ಜೊತೆಗಿರುವ ಹಾಳೆಯನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು. ಊರಿನ ಮುಂದೆ ಬಂದು ಹೇಳು ಎಂದರೆ ಬಂದು ಹೇಳುತ್ತೇನೆ.

ಅಣ್ಣನ ಕ್ಷಮೆಯನ್ನು ಕೇಳುವ ಅವಕಾಶವನ್ನು ನಾನೇ ಕಳೆದುಕೊಂಡೆ. ನಿಮಗೆ ಮಾಡಿದ್ದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ. ಈ ಪತ್ರಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ.»

ಎರಡನೆಯ ಹಾಳೆ: «ನಾನು 2012ರಲ್ಲಿ ನಮ್ಮೂರಿನ ಪಂಚಾಯಿತಿಯಲ್ಲಿ, ಸಂಘದ ಸಾಲದ ಅರ್ಧ ಹಣವನ್ನು ನನಗೆ ಜಾಮೀನು ನಿಂತವರು ತೆಗೆದುಕೊಂಡರೆಂದು ಹೇಳಿದ್ದು ಸುಳ್ಳು. ಪೂರ್ತಿ ಹಣವನ್ನು ನಾನೊಬ್ಬನೇ ಬಳಸಿದೆ. ನನ್ನ ಸಾಲವನ್ನು ಅವರು ತಮ್ಮ ಗದ್ದೆ ಮಾರಿ ಕಟ್ಟಿದರು.» ಇದರ ಕೆಳಗೆ ಹೆಸರು, ತಂದೆಯ ಹೆಸರು, ಸಹಿ, ದಿನಾಂಕ ಇರುತ್ತದೆ.

ಅತ್ತಿಗೆಯ ತಮ್ಮ, ಅಂದರೆ ಮಕ್ಕಳ ಸೋದರಮಾವ, ಮಳವಳ್ಳಿ ಕಡೆ ಇದ್ದಾರೆ. ಅವರ ಕೈಯಲ್ಲಿ ಕಳುಹಿಸಬೇಕೆಂದಿದ್ದೇನೆ. ವರ್ಷದ ತಿಥಿ ಮುಗಿದು ಒಂದು ತಿಂಗಳು ಕಳೆಯಲಿ.

ಗುತ್ತಲು ರಸ್ತೆ

ಕೊನೆಯಲ್ಲಿ ಒಂದೇ ಸಲ ಕೇಳಿದ್ದೀರಿ. ನನಗೆ ಸಮಾಧಾನವಾಯಿತು.

ಸಂಧಾನದ ಮೇಜು

ಎರಡನೆಯ ಹಾಳೆಯಲ್ಲಿ ತೀರಿಕೊಂಡವರ ಪೂರ್ತಿ ಹೆಸರನ್ನು ಬರೆಯಲೇಬೇಕು. ಇಲ್ಲಿ ಬಿಟ್ಟಿರುವುದು ಸರಿ, ಅಲ್ಲಿ «ಜಾಮೀನು ನಿಂತವರು» ಎಂದರೆ ಊರಿನವರ ಮುಂದೆ ಆ ಹಾಳೆಗೆ ಬೆಲೆಯಿಲ್ಲ. ಹೆಣ್ಣುಮಕ್ಕಳು ಬೇರೆ ಊರಿನಲ್ಲಿರುವುದರಿಂದ ಪತ್ರದ ಪ್ರತಿಯನ್ನು ಅವರಿಗೂ ಅದೇ ದಿನ ತಲುಪಿಸಿ. ಮನೆಯಲ್ಲಿರುವ ಮಗನ ಬಾಯಿಂದ ಕೇಳಿ ತಿಳಿಯುವುದಕ್ಕೂ ತಮ್ಮ ಹೆಸರಿಗೇ ಪತ್ರ ಬರುವುದಕ್ಕೂ ಬಹಳ ವ್ಯತ್ಯಾಸವಿದೆ. ಸೋದರಮಾವನವರಿಗೆ ಪತ್ರವನ್ನು ಮೊದಲು ಓದಲು ಕೊಡಿ. ಈಗ ಬೇಡ, ಮನೆಯ ಸ್ಥಿತಿ ಸರಿಯಿಲ್ಲ ಎಂದು ಅವರು ಹೇಳಿದರೆ ಕಾಯಿರಿ.

ಕುವೆಂಪುನಗರ ಓದುಗ

ಪತ್ರ ಮೊದಲಿನದಕ್ಕಿಂತ ಬಹಳ ಸರಿಯಾಗಿದೆ. ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಅವರು ಹಣವನ್ನೂ ಹಾಳೆಯನ್ನೂ ಹಿಂದಿರುಗಿಸಿದರೆ ಏನು ಮಾಡುತ್ತೀರಿ?

ಮದ್ದೂರು ಕಡೆಯವ

ಹಣವನ್ನು ಹಿಂದಿರುಗಿಸಿದರೆ ನಾಲ್ವರ ಹೆಸರಿನಲ್ಲೂ ಬ್ಯಾಂಕಿನಲ್ಲಿ ಠೇವಣಿಯಾಗಿ ಇಡಲು ಸಾಧ್ಯವೇ ಎಂದು ಯೋಚಿಸುತ್ತಿದ್ದೇನೆ. ಹಾಳೆಯ ವಿಷಯದಲ್ಲಿ ಏನು ಮಾಡಬೇಕೆಂದು ತೋಚುತ್ತಿಲ್ಲ. ಅವರು ಬೇಡವೆಂದ ಮೇಲೂ ನಾನಾಗಿಯೇ ಊರಿನಲ್ಲಿ ಹೇಳಬಹುದೇ?

ಸಂಧಾನದ ಮೇಜು

ಅವರ ಒಪ್ಪಿಗೆಯಿಲ್ಲದೆ ಅವರ ಖಾತೆ ತೆರೆಯಲಾಗುವುದಿಲ್ಲ. ನಿಮ್ಮ ಹೆಸರಿನಲ್ಲೇ ಬೇರೆ ಠೇವಣಿ ಇಟ್ಟು, ಕೇಳಿದ ದಿನ ಕೊಡುತ್ತೇನೆಂದು ಸೋದರಮಾವನವರಿಗೆ ತಿಳಿಸಿಡಬಹುದು. ನಿಮ್ಮ ಮನೆಯವರಿಗೂ ಅದು ಯಾರ ಹಣವೆಂದು ಬರೆದಿಡಿ. ಊರಿನಲ್ಲಿ ನೀವಾಗಿಯೇ ಸಭೆ ಕರೆದು ಹೇಳಬೇಡಿ. ಆದರೆ ನಿಮ್ಮ ಎದುರಿಗೆ ಯಾರಾದರೂ ಆ ಹಳೆಯ ಮಾತನ್ನು ಆಡಿದರೆ, ಅದು ಸುಳ್ಳು, ಹೇಳಿದವನು ನಾನೇ ಎಂದು ಅಲ್ಲಿಯೇ ಹೇಳಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಬನ್ನೂರು ಮಗಳು

ನನಗೆ ಇದು ಸಾಲದು ಎನಿಸುತ್ತದೆ. ನಮ್ಮ ತಂದೆಯ ಬಗ್ಗೆ ಅಂಥ ಸುಳ್ಳು ಊರಿನಲ್ಲಿದ್ದಿದ್ದರೆ, ನಾವು ಕೋಪದಲ್ಲಿ ಹಾಳೆಯನ್ನು ಹರಿದು ಎಸೆದಿದ್ದರೂ ಹೇಳಿದವರು ಊರಿನ ಮುಂದೆ ಬಂದು ತೆಗೆಯಲಿ ಎಂದೇ ನಾನು ಬಯಸುತ್ತಿದ್ದೆ. ಬೇಡ ಎನ್ನುವುದು ತಾಯಿಯೋ, ಮಗನೋ, ಹೆಣ್ಣುಮಕ್ಕಳೋ ಎಂಬುದನ್ನು ಸೋದರಮಾವನವರಿಂದ ಕೇಳಿ ತಿಳಿದುಕೊಳ್ಳಿ. ನಾಲ್ವರಲ್ಲಿ ಒಬ್ಬರಿಗಾದರೂ ಬೇಕಿದ್ದರೆ ಆಗ ನೀವು ಏನು ಮಾಡುತ್ತೀರಿ ಎಂಬುದನ್ನು ಈಗಲೇ ಯೋಚಿಸಿಡಿ.